ಇನ್‌ಪುಟ್ ಬದಲಿಸಿದರೆ ಮಾನಿಟರ್‌ಗೆ ಚುಚ್ಚಿದ ಕೀಬೋರ್ಡ್, ಮೌಸ್ ಎರಡೂ ಸುಮ್ಮನಾಗುತ್ತವೆ

ಕುಕ್ಕರಹಳ್ಳಿ ವಾಕರ್ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ವಾರದಿಂದ ಇದೇ ತಲೆನೋವು. ಯಾರಾದರೂ ದಾರಿ ತೋರಿಸಿ.

ಮನೆಯಲ್ಲಿ 27 ಇಂಚಿನ ಒಂದು ಮಾನಿಟರ್ ಇದೆ. ಅದರ ಹಿಂಭಾಗದಲ್ಲೇ ಯುಎಸ್‌ಬಿ ಹಬ್ ಇದೆ. ಕೀಬೋರ್ಡ್, ಮೌಸ್ ಎರಡನ್ನೂ ಅಲ್ಲೇ ಚುಚ್ಚಿದ್ದೇನೆ, ಎರಡೂ ವೈರ್ ಇರುವಂಥವು. ಹಗಲು ಆಫೀಸಿನ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್, ಟೈಪ್-ಸಿ ಕೇಬಲ್‌ನಲ್ಲಿ ಮಾನಿಟರ್‌ಗೆ ಹೋಗುತ್ತದೆ. ಸಂಜೆ ನನ್ನ ಸ್ವಂತ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್ ಮಿಂಟ್, ಎಚ್‌ಡಿಎಂಐನಲ್ಲಿ.

ಕೆಲಸ ಮುಗಿಸಿ ಮಾನಿಟರ್ ಬಟನ್ ಒತ್ತಿ ಎಚ್‌ಡಿಎಂಐಗೆ ಹೋದರೆ ಚಿತ್ರ ಚೆನ್ನಾಗಿ ಬರುತ್ತದೆ. ಲಾಗಿನ್ ಪರದೆ ಕಾಣಿಸುತ್ತದೆ. ಆದರೆ ಟೈಪ್ ಮಾಡಿದರೆ ಒಂದಕ್ಷರ ಬೀಳುವುದಿಲ್ಲ, ಮೌಸ್ ಬಾಣ ಅಲುಗಾಡುವುದಿಲ್ಲ. ಹಬ್‌ನ ನಾಲ್ಕೂ ಕಿಂಡಿಗೆ ಬದಲಿಸಿ ನೋಡಿದೆ. ಮೌಸ್ ಹೋಗಿರಬೇಕು ಅಂತ 450 ರೂಪಾಯಿ ಕೊಟ್ಟು ಹೊಸದೂ ತಂದೆ. ಅದೂ ಹಾಗೇ. ಲ್ಯಾಪ್‌ಟಾಪ್‌ಗೆ ವಾಪಸ್ ಹೋದರೆ ಎರಡೂ ಸರಿ.

---

ಗೇಮರ್ ಗುಂಡ · ಸೋಮವಾರ ರಾತ್ರಿ 9:52

ಗುರು, ಇದು ಸಿಂಪಲ್. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮತ್ತು ಸದ್ದು ಮಾತ್ರ ಹೋಗೋದು, ಕೀಬೋರ್ಡ್ ಹೋಗಲ್ಲ. ಟೈಪ್-ಸಿಯಲ್ಲಿ ಎಲ್ಲ ಒಂದೇ ಕೇಬಲ್‌ನಲ್ಲಿ ಬರುತ್ತೆ, ಅದಕ್ಕೇ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ. ಮಾನಿಟರ್ ಜೊತೆ ಡಬ್ಬದಲ್ಲಿ ಒಂದು ಕಡೆ ಚೌಕ ಮೂತಿ ಇರೋ ಕೇಬಲ್ ಬಂದಿರುತ್ತೆ ನೋಡು. ಅದನ್ನು ಡೆಸ್ಕ್‌ಟಾಪ್‌ಗೆ ಹಾಕು. ಮುಗೀತು.

---

ಕುಕ್ಕರಹಳ್ಳಿ ವಾಕರ್ · ಸೋಮವಾರ ರಾತ್ರಿ 10:05

ಅದನ್ನು ಬರೆಯಲು ಮರೆತೆ, ಕ್ಷಮಿಸಿ. ಚೌಕ ಮೂತಿಯ ಕೇಬಲ್ ಮೊದಲ ದಿನದಿಂದಲೂ ಇದೆ. ಮಾನಿಟರ್‌ನಿಂದ ಡೆಸ್ಕ್‌ಟಾಪ್ ಹಿಂಭಾಗದ ನೀಲಿ ಕಿಂಡಿಗೆ ಹಾಕಿದ್ದೇನೆ.

---

ಗೇಮರ್ ಗುಂಡ · ಸೋಮವಾರ ರಾತ್ರಿ 10:11

ಹಾಗಾದರೆ ಹಬ್‌ಗೆ ಕರೆಂಟ್ ಸಾಲುತ್ತಿಲ್ಲ. ಬೇರೆ ಅಡಾಪ್ಟರ್ ಇರೋ ಹಬ್ ತಗೋ.

---

ಸೋಲ್ಡರ್ ಶೆಟ್ಟಿ · ಮಂಗಳವಾರ ಬೆಳಿಗ್ಗೆ 7:30

ಗುಂಡಣ್ಣ, ಮೊದಲನೆಯದು ಸರಿ ಹೇಳಿದ್ದೀರಿ, ಎರಡನೆಯದು ಅಲ್ಲ ಮಾರಾಯ್ರೆ. ಮಾನಿಟರ್ ಒಳಗಿನ ಹಬ್‌ಗೆ ಕರೆಂಟ್ ಗೋಡೆಯಿಂದ ಬರುವುದು, ಕಂಪ್ಯೂಟರಿನಿಂದ ಅಲ್ಲ. ಒಂದು ಕೀಬೋರ್ಡು, ಒಂದು ಮೌಸು ಅದಕ್ಕೆ ಭಾರವೇ ಅಲ್ಲ. ಅದೇ ಹಬ್ ಲ್ಯಾಪ್‌ಟಾಪ್‌ಗೆ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೂ ಅವರೇ ಬರೆದಿದ್ದಾರೆ. ಸುಮ್ನೆ ಮತ್ತೊಂದು ಖರ್ಚು ಹಾಕಿಸಬೇಡಿ.

---

ಪದ್ಮಕ್ಕ · ಮಂಗಳವಾರ ಬೆಳಿಗ್ಗೆ 8:15

ನನಗೂ ಇದೇ ಆಗ್ತಿದೆ! ಮೌಸ್ ನಡುನಡುವೆ ನಿಂತು ನಿಂತು ಓಡುತ್ತದೆ. ವೈರ್ ಇಲ್ಲದ ಮೌಸು, ಅದರ ಪುಟ್ಟ ತುಣುಕನ್ನು ಮಾನಿಟರ್ ಹಿಂದೆ ಹಾಕಿದ್ದೇನೆ. ಪಕ್ಕದ ಕಿಂಡಿಯಲ್ಲಿ ಮಗನ ಹಾರ್ಡ್‌ಡಿಸ್ಕ್ ಇರುತ್ತದೆ. ಎಚ್‌ಡಿಎಂಐ ಎಲ್ಲ ಇಲ್ಲ, ಒಂದೇ ಕಂಪ್ಯೂಟರ್. ನಾನೂ ಆ ಚೌಕ ಕೇಬಲ್ ಹಾಕಬೇಕಾ?

---

ಹಳೇ ಸಿಸ್ಟಂ ಅಡ್ಮಿನ್ · ಮಂಗಳವಾರ ಬೆಳಿಗ್ಗೆ 9:20

ಪದ್ಮಕ್ಕ, ನಿಮ್ಮದು ಬೇರೆ ಕಾಯಿಲೆ. ಇನ್‌ಪುಟ್ ಬದಲಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೌಸ್ ತುಣುಕು 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಮಾತಾಡುತ್ತದೆ. ಯುಎಸ್‌ಬಿ 3 ಕಿಂಡಿಯಲ್ಲಿ ಹಾರ್ಡ್‌ಡಿಸ್ಕ್ ಓಡುವಾಗ ಅದೇ ಅಲೆಯ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಬಗ್ಗೆ ಬರೆದು ಪ್ರಕಟಿಸಿದೆ. ಒಂದು ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ತಂದು ತುಣುಕನ್ನು ಮಾನಿಟರ್ ಹಿಂದಿನಿಂದ ಮೇಜಿನ ಮುಂಭಾಗಕ್ಕೆ ಎಳೆದುಕೊಳ್ಳಿ. ಅಷ್ಟೇ.

ಇನ್ನು ವಾಕರ್ ಅವರೇ, ನಿಮ್ಮದಕ್ಕೆ ಬರುತ್ತೇನೆ. ಏನನ್ನೂ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಚ್‌ಡಿಎಂಐಗೆ ಬದಲಿಸಿ, ಕೀಬೋರ್ಡ್ ಸತ್ತಂತೆ ಕಂಡಾಗ, ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದೆಯೇ ನೋಡಿ.

ಆ ದೀಪವನ್ನು ಕೀಬೋರ್ಡ್ ತಾನಾಗಿ ಹಚ್ಚುವುದಿಲ್ಲ. ಕೀ ಒತ್ತಿದ ಸುದ್ದಿ ಕಂಪ್ಯೂಟರ್‌ಗೆ ಹೋಗಿ, ಕಂಪ್ಯೂಟರ್ "ಹಚ್ಚು" ಅಂದ ಮೇಲೆ ಹಚ್ಚುತ್ತದೆ. ಹಾಗಾಗಿ ದೀಪ ಹತ್ತಿದರೆ ಯಾವುದೋ ಒಂದು ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ. ಯಾವುದು ಅನ್ನುವುದು ಮುಂದಿನ ಪ್ರಶ್ನೆ. ಹತ್ತದಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಕೀಗಳ ಕೆಳಗಿನ ಅಲಂಕಾರದ ಬಣ್ಣದ ಬೆಳಕನ್ನು ನಂಬಬೇಡಿ. ಅದು ಬರೀ ಕರೆಂಟ್ ಇದ್ದರೂ ಉರಿಯುತ್ತದೆ.

ದೀಪ ಹತ್ತಿದರೆ, ಲ್ಯಾಪ್‌ಟಾಪ್ ಪರದೆಯಲ್ಲಿ ನೋಟ್‌ಪ್ಯಾಡ್ ತೆರೆದಿಟ್ಟು, ಎಚ್‌ಡಿಎಂಐ ಇನ್‌ಪುಟ್‌ನಲ್ಲಿದ್ದಾಗ ಏನಾದರೂ ಟೈಪ್ ಮಾಡಿ.

---

ಕುಕ್ಕರಹಳ್ಳಿ ವಾಕರ್ · ಮಂಗಳವಾರ ಸಂಜೆ 6:50

ಅಯ್ಯೋ ಸರ್. ನೋಟ್‌ಪ್ಯಾಡ್ ತೆರೆಯುವ ಅಗತ್ಯವೇ ಬರಲಿಲ್ಲ.

ದೀಪ ಹತ್ತುತ್ತದೆ, ಆರುತ್ತದೆ. ಆಮೇಲೆ ಲ್ಯಾಪ್‌ಟಾಪ್ ಕಡೆ ತಿರುಗಿ ನೋಡಿದರೆ ಆಫೀಸಿನ ಚಾಟ್ ಕಿಟಕಿ ತೆರೆದೇ ಇತ್ತು. ನಿನ್ನೆ ರಾತ್ರಿ ಡೆಸ್ಕ್‌ಟಾಪ್‌ಗೆ ಲಾಗಿನ್ ಆಗಲು ನಾಲ್ಕು ಸಲ ಹೊಡೆದ ಪಾಸ್‌ವರ್ಡ್, ಎಂಟರ್ ಸಮೇತ, ಟೀಮಿನ ಗುಂಪಿಗೆ ಹೋಗಿದೆ. ಬೆಳಿಗ್ಗೆ ಒಬ್ಬರು ಹೆಬ್ಬೆರಳು ಬೇರೆ ಒತ್ತಿದ್ದಾರೆ. ಬೆಕ್ಕು ಕೀಬೋರ್ಡ್ ಮೇಲೆ ನಡೆದಿರಬೇಕು ಅಂದುಕೊಂಡರಂತೆ.

---

ಗೇಮರ್ ಗುಂಡ · ಮಂಗಳವಾರ ಸಂಜೆ 6:58

😂😂 ಪಾಸ್‌ವರ್ಡ್ ಬದಲಿಸಿದೆ ತಾನೇ?

---

ಹಳೇ ಸಿಸ್ಟಂ ಅಡ್ಮಿನ್ · ಮಂಗಳವಾರ ರಾತ್ರಿ 8:10

ಮೊದಲು ಪಾಸ್‌ವರ್ಡ್ ಬದಲಿಸಿ. ತಮಾಷೆ ಆಮೇಲೆ.

ನಿಮ್ಮ ಕೀಬೋರ್ಡ್ ಸತ್ತಿಲ್ಲ. ಲ್ಯಾಪ್‌ಟಾಪ್‌ನ ಮನೆಯಲ್ಲೇ ಉಳಿದಿದೆ. ಇಂಥ ಮಾನಿಟರ್ ಒಳಗೆ ಎರಡು ಬೇರೆ ಬೇರೆ ಸ್ವಿಚ್‌ಗಳಿವೆ ಅಂತ ಇಟ್ಟುಕೊಳ್ಳಿ. ಒಂದು ಚಿತ್ರ ಎಲ್ಲಿಂದ ಬರಬೇಕು ಅನ್ನುವುದಕ್ಕೆ. ಇನ್ನೊಂದು ಹಬ್ ಯಾವ ಕಂಪ್ಯೂಟರ್‌ಗೆ ಸೇರಬೇಕು ಅನ್ನುವುದಕ್ಕೆ. ನೀವು ಒತ್ತುವ ಇನ್‌ಪುಟ್ ಬಟನ್ ಮೊದಲನೆಯದನ್ನು ಮಾತ್ರ ತಿರುಗಿಸುತ್ತದೆ. ಎರಡನೆಯದು ಅದರ ಹಿಂದೆಯೇ ತಿರುಗಬೇಕಾದರೆ, ಯಾವ ಚಿತ್ರಕ್ಕೆ ಯಾವ ಯುಎಸ್‌ಬಿ ಜೋಡಿ ಅಂತ ಮಾನಿಟರ್ ಮೆನುವಿನಲ್ಲಿ ಹೇಳಿರಬೇಕು.

ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಇನ್‌ಪುಟ್ ಪುಟದಲ್ಲೋ, ಇತರೆ ಅನ್ನುವ ಪುಟದಲ್ಲೋ `USB` ಅಥವಾ `KVM` ಅನ್ನುವ ಪದ ಹುಡುಕಿ. ಅಲ್ಲಿ ಎಚ್‌ಡಿಎಂಐ ಎದುರಿಗೆ ಏನಿದೆ ಹೇಳಿ.

---

ಕುಕ್ಕರಹಳ್ಳಿ ವಾಕರ್ · ಮಂಗಳವಾರ ರಾತ್ರಿ 8:45

ಸಿಕ್ಕಿತು! ಟೈಪ್-ಸಿ ಎದುರಿಗೆ ಟೈಪ್-ಸಿ ಇತ್ತು, ಅದನ್ನು ಬದಲಿಸಲು ಬಿಡುವುದಿಲ್ಲ. ಎಚ್‌ಡಿಎಂಐ ಎದುರಿಗೂ ಟೈಪ್-ಸಿ ಅಂತಲೇ ಇತ್ತು. ಅದನ್ನು `USB-B` ಮಾಡಿದೆ. ಎರಡು ಸೆಕೆಂಡ್ ತಡೆದು ಕೀಬೋರ್ಡ್ ಡೆಸ್ಕ್‌ಟಾಪ್‌ಗೆ ಬಂತು. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಕಿತ್ತ ಸದ್ದೂ ಕೇಳಿಸಿತು. ಪಾಸ್‌ವರ್ಡ್ ಬದಲಾಯಿತು. ತುಂಬಾ ಥ್ಯಾಂಕ್ಸ್ ಎಲ್ಲರಿಗೂ.

---

ಪದ್ಮಕ್ಕ · ಬುಧವಾರ ಮಧ್ಯಾಹ್ನ 12:30

ಅಡ್ಮಿನ್ ಅವರೇ, ಮಗ ಒಂದು ಗೇಣುದ್ದದ ಎಕ್ಸ್‌ಟೆನ್ಶನ್ ತಂದುಕೊಟ್ಟ. ಮೌಸ್ ಈಗ ಎಣ್ಣೆ ಹಚ್ಚಿದ ಹಾಗೆ ಓಡುತ್ತಿದೆ. ಮಾನಿಟರ್ ಹಿಂದೆ ಕೈ ಹಾಕಿ ತಡಕಾಡುವ ಕಷ್ಟವೂ ತಪ್ಪಿತು.

---

ಕುಕ್ಕರಹಳ್ಳಿ ವಾಕರ್ · ಬುಧವಾರ ರಾತ್ರಿ 9:15

ಖುಷಿ ಒಂದೇ ದಿನ. ಮತ್ತೆ ಬಂದೆ.

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್‌ಗೆ ಬದಲಿಸಿದೆ, ಸರಿ ಇತ್ತು. ಸಂಜೆ ಡೆಸ್ಕ್‌ಟಾಪ್‌ಗೆ ವಾಪಸ್ ಬಂದೆ. ಡೆಸ್ಕ್‌ಟಾಪ್ ಆಫ್ ಮಾಡಿರಲಿಲ್ಲ, ಓಡುತ್ತಲೇ ಇತ್ತು, ಡೌನ್‌ಲೋಡ್ ನಡೆಯುತ್ತಿತ್ತು. ಚಿತ್ರ ಬಂತು. ಕೀಬೋರ್ಡ್ ಇಲ್ಲ. ಈ ಸಲ ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲೂ ಅಕ್ಷರ ಬೀಳುತ್ತಿಲ್ಲ, ಈ ಸಲ ಸರಿಯಾಗಿ ನೋಡಿಕೊಂಡೆ! ಮೆನುವಿನಲ್ಲಿ ಜೋಡಿ ಹಾಗೇ ಇದೆ.

ಚೌಕ ಮೂತಿಯ ಕೇಬಲ್ ಕಿತ್ತು ಮತ್ತೆ ಹಾಕಿದೆ. ಏನೂ ಇಲ್ಲ. ಡೆಸ್ಕ್‌ಟಾಪ್ ರೀಸ್ಟಾರ್ಟ್ ಮಾಡಿದರೆ ಮಾತ್ರ ಬರುತ್ತದೆ. ಬಂದ ಮೇಲೆ ಎಷ್ಟು ಹೊತ್ತು ಬೇಕಾದರೂ ಸರಿ ಇರುತ್ತದೆ. ಒಮ್ಮೆ ಲ್ಯಾಪ್‌ಟಾಪ್‌ಗೆ ಹೋಗಿ ವಾಪಸ್ ಬಂದರೆ ಮತ್ತೆ ಅದೇ ಕಥೆ.

---

ಸೋಲ್ಡರ್ ಶೆಟ್ಟಿ · ಗುರುವಾರ ಬೆಳಿಗ್ಗೆ 7:10

ಇದು ಕೇಬಲ್ ಅಥವಾ ಹಬ್ ಚಿಪ್. ಅಂಗಡಿಗೆ ಬರುವ ಹತ್ತರಲ್ಲಿ ಏಳು ಹಾಗೇ ಇರುತ್ತವೆ.

ಎರಡು ಕೆಲಸ ಮಾಡಿ. ಮಾನಿಟರ್‌ನ ಪ್ಲಗ್ ಗೋಡೆಯಿಂದ ಕಿತ್ತು ಒಂದು ನಿಮಿಷ ಬಿಡಿ. ಮುಂದಿನ ಬಟನ್ ಒತ್ತಿ ಆಫ್ ಮಾಡಿದರೆ ಆಗುವುದಿಲ್ಲ, ಒಳಗಿನ ಚಿಪ್‌ಗೆ ಕರೆಂಟ್ ಇದ್ದೇ ಇರುತ್ತದೆ. ಆಮೇಲೆ ಪ್ರಿಂಟರ್‌ನ ಹಳೇ ಕೇಬಲ್ ಇದ್ದರೆ ಆ ಚೌಕ ಕಿಂಡಿಗೆ ಹಾಕಿ ನೋಡಿ. ಯುಎಸ್‌ಬಿ 3ರ ಚೌಕ ಕಿಂಡಿ ಮೇಲೆ ಇನ್ನೊಂದು ಸಣ್ಣ ಗೂಡು ಇರುವಂಥದ್ದು, ಆದರೂ ಪ್ರಿಂಟರ್ ಕೇಬಲ್ ಅದರ ಕೆಳಭಾಗಕ್ಕೆ ಸರಿಯಾಗಿ ಕೂರುತ್ತದೆ. ಹಬ್ ಯುಎಸ್‌ಬಿ 2ರಲ್ಲಿ ಓಡುತ್ತದೆ. ಕೀಬೋರ್ಡ್ ಮೌಸ್‌ಗೆ ಅದು ಬೇಕಾದಷ್ಟಾಯಿತು. ಪೆನ್‌ಡ್ರೈವ್ ಮಾತ್ರ ನಿಧಾನ ಆಗುತ್ತದೆ.

---

ಡಬ್ಲಿನ್ ಕನ್ನಡಿಗ · ಗುರುವಾರ ಮಧ್ಯಾಹ್ನ 3:40

ನನ್ನದೂ ಇಂಥದ್ದೇ ಒಂದು, ಆದರೆ ಮ್ಯಾಕ್‌ಬುಕ್‌ನಲ್ಲಿ. ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮಾನಿಟರ್ ಜೋಡಿ ಎಲ್ಲ ಸರಿ ಇತ್ತು. ಊಟ ಮುಗಿಸಿ ಬಂದು ಮ್ಯಾಕ್‌ಗೆ ಬದಲಿಸಿದರೆ ಕೆಲವೊಮ್ಮೆ ಕೀಬೋರ್ಡ್ ಬರುತ್ತಿರಲಿಲ್ಲ. ಚಿತ್ರ ಇದೆ, ಚಾರ್ಜ್ ಆಗುತ್ತಿದೆ, ಕೀಬೋರ್ಡ್ ಮಾತ್ರ ಇಲ್ಲ. ಕೊನೆಗೆ ನೋಡಿದರೆ ಅದು ಕೆಟ್ಟಿದ್ದಲ್ಲ, ಕಾವಲು. 2022ರ ವೆಂಚುರಾದಿಂದ ಆಪಲ್ ಸಿಲಿಕಾನ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಸೆಟ್ಟಿಂಗ್ ಇದೆ. `Privacy & Security` ಒಳಗೆ `Allow accessories to connect`. ಲ್ಯಾಪ್‌ಟಾಪ್ ಲಾಕ್ ಆಗಿದ್ದಾಗ ಹೊಸದಾಗಿ ಬಂದ ಯುಎಸ್‌ಬಿ ವಸ್ತುವನ್ನು ಅದು ಬಾಗಿಲಲ್ಲೇ ನಿಲ್ಲಿಸಬಹುದು. ಮಾನಿಟರ್ ಹಬ್ ಬೇರೆ ಕಂಪ್ಯೂಟರ್‌ಗೆ ಹೋಗಿ ಬಂದರೆ ಮ್ಯಾಕ್ ಕಣ್ಣಿಗೆ ಅದು ಕಿತ್ತು ಹಾಕಿದ ಹಾಗೇ.

ಲಾಕ್ ತೆಗೆಯಲು ಕೀಬೋರ್ಡ್ ಬೇಕು, ಕೀಬೋರ್ಡ್ ಬರಲು ಲಾಕ್ ತೆಗೆಯಬೇಕು. ಮುಚ್ಚಳ ಮುಚ್ಚಿಟ್ಟು ಬಳಸುವವರಿಗೆ ಒಳ್ಳೇ ಫಜೀತಿ. ನಾನು ಮುಚ್ಚಳ ತೆರೆದು ಬೆರಳಚ್ಚು ಒತ್ತುತ್ತೇನೆ. `Always` ಅಂತ ಇಟ್ಟರೆ ಈ ಕಷ್ಟ ಇಲ್ಲ, ಆದರೆ ಹೊರಗೆ ಕೆಫೆ, ರೈಲು ಅಂತ ಒಯ್ಯುವ ಯಂತ್ರದಲ್ಲಿ ಹಾಗೆ ಇಡಲು ನನಗೆ ಮನಸ್ಸಿಲ್ಲ.

---

ಗೇಮರ್ ಗುಂಡ · ಗುರುವಾರ ಸಂಜೆ 5:05

ಲಿನಕ್ಸ್‌ನಲ್ಲೂ ಹಂಗೇ ಕಾವಲು ಇರಬಹುದಲ್ಲ?

---

ಕುಕ್ಕರಹಳ್ಳಿ ವಾಕರ್ · ಗುರುವಾರ ರಾತ್ರಿ 8:20

ಶೆಟ್ಟರೇ, ಎರಡೂ ಮಾಡಿದೆ. ಮಾನಿಟರ್ ಪ್ಲಗ್ ಕಿತ್ತು ಪೂರಾ ಐದು ನಿಮಿಷ ಬಿಟ್ಟೆ. ಪ್ರಿಂಟರ್ ಕೇಬಲ್ ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ರೀಸ್ಟಾರ್ಟ್ ಮಾಡಿದ ಮೇಲೆ ಪ್ರಿಂಟರ್ ಕೇಬಲ್‌ನಲ್ಲೂ ಸರಿ, ಹೋಗಿ ಬಂದರೆ ಮತ್ತೆ ಇಲ್ಲ.

---

ಹಳೇ ಸಿಸ್ಟಂ ಅಡ್ಮಿನ್ · ಗುರುವಾರ ರಾತ್ರಿ 9:35

ಹಾಗಾದರೆ ಕೇಬಲ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಎರಡು ಕೇಬಲ್ ಒಂದೇ ರೀತಿ ಕೆಡುವುದು ಕಷ್ಟ. ಹಬ್ ಲ್ಯಾಪ್‌ಟಾಪ್ ಕಡೆ ಸರಿ ಇದೆ. ಉಳಿದಿದ್ದು ಡೆಸ್ಕ್‌ಟಾಪ್. ಗುಂಡ, ಲಿನಕ್ಸ್‌ನಲ್ಲಿ ಅಂಥ ಕಾವಲು ಹಾಕಿಕೊಳ್ಳಬಹುದು, ಆದರೆ ಮಿಂಟ್‌ನಲ್ಲಿ ತಾನಾಗಿ ಇರುವುದಿಲ್ಲ.

ಒಂದು ಹಳೇ ಕೀಬೋರ್ಡ್ ಹುಡುಕಿ ಡೆಸ್ಕ್‌ಟಾಪ್‌ನ ಮುಂಭಾಗದ ಕಿಂಡಿಗೆ ನೇರ ಹಾಕಿ. ಮಾನಿಟರ್ ಮೂಲಕ ಬೇಡ. ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದ ಹಾಗೆ. ರೀಸ್ಟಾರ್ಟ್ ಮಾಡಿ, ಟರ್ಮಿನಲ್‌ನಲ್ಲಿ ಇದನ್ನು ಓಡಿಸಿ ಹಾಗೇ ಬಿಡಿ:

```
sudo dmesg -w
```

ಈಗ ಲ್ಯಾಪ್‌ಟಾಪ್‌ಗೆ ಹೋಗಿ, ಸ್ವಲ್ಪ ತಡೆದು ವಾಪಸ್ ಬನ್ನಿ. ಹೊಸದಾಗಿ ಬಿದ್ದ ಸಾಲುಗಳನ್ನು ಇಲ್ಲಿ ಹಾಕಿ. ವಾಪಸ್ ಬಂದಾಗ `error -71` ಇರುವ ಸಾಲುಗಳು ಬಿದ್ದರೆ ಶೆಟ್ಟರು ಗೆದ್ದರು. ಕಂಪ್ಯೂಟರ್ ಹಬ್ಬನ್ನು ಕಂಡಿದೆ, ಮಾತಾಡಿಸಲು ಹೋಗಿದೆ, ಮಾತು ಕಲಸಿಹೋಗಿದೆ ಅಂತ. ಹೆಚ್ಚಾಗಿ ಕೇಬಲ್ ಅಥವಾ ಸಡಿಲ ಕಿಂಡಿ. ಒಂದು ಸಾಲೂ ಬೀಳದಿದ್ದರೆ ಕಥೆ ಬೇರೆ.

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 8:05

ಲ್ಯಾಪ್‌ಟಾಪ್‌ಗೆ ಹೋದಾಗ ಬಿದ್ದಿದ್ದು:

```
usb 3-1: USB disconnect, device number 2
usb 3-1.2: USB disconnect, device number 3
usb 3-1.3: USB disconnect, device number 4
```

ವಾಪಸ್ ಬಂದಾಗ ಏನೂ ಇಲ್ಲ. ಐದು ನಿಮಿಷ ಕಾದೆ. ಒಂದು ಸಾಲೂ ಇಲ್ಲ. ಮುಂಭಾಗದ ಹಳೇ ಕೀಬೋರ್ಡ್ ಆರಾಮಾಗಿ ಕೆಲಸ ಮಾಡುತ್ತಿದೆ.

---

ಹಳೇ ಸಿಸ್ಟಂ ಅಡ್ಮಿನ್ · ಶುಕ್ರವಾರ ರಾತ್ರಿ 8:30

ಇದು ಚೆನ್ನಾಗಿದೆ. ಆ ಮೌನವೇ ಸುಳಿವು.

ಹಬ್ ಬಂದು ಬಾಗಿಲು ತಟ್ಟಿದರೂ ಕಂಪ್ಯೂಟರ್‌ಗೆ ಕೇಳಿಸಿಲ್ಲ. ನೀವು ಕೇಬಲ್ ಕಿತ್ತು ಹಾಕಿದಾಗಲೂ ಕೇಳಿಸಿಲ್ಲ, ಬುಧವಾರವೇ ಬರೆದಿದ್ದಿರಿ. ಮುಂಭಾಗದ ಕಿಂಡಿಗೆ ಮಾತ್ರ ಕಿವಿ ಚುರುಕಾಗಿದೆ. ಅಂದರೆ ಹಿಂದಿನ ನೀಲಿ ಕಿಂಡಿಯ ಕಂಟ್ರೋಲರ್ ಬೇರೆ ಇರಬೇಕು, ಮತ್ತು ಅದು ನಿದ್ದೆ ಹೋಗಿರಬೇಕು. ಆ ನೀಲಿ ಕಿಂಡಿ ಮದರ್‌ಬೋರ್ಡ್‌ನದೋ, ಆಮೇಲೆ ಹಾಕಿಸಿದ ಕಾರ್ಡ್‌ನದೋ?

ಕೀಬೋರ್ಡ್ ಸತ್ತಿರುವಾಗಲೇ, ಏನನ್ನೂ ಮುಟ್ಟದೆ, ಮೊದಲು ಇದು:

```
readlink -f /sys/bus/usb/devices/usb*
```

ಅದರಲ್ಲಿ `usb3` ಅಂತ ಮುಗಿಯುವ ಸಾಲು ನೋಡಿ. ನಿಮ್ಮ ಹಬ್ 3-1 ಅಲ್ವಾ, ಅದು ಇದ್ದಿದ್ದು ಅಲ್ಲೇ. `usb3`ಗೆ ಮೊದಲು ಬರುವ ವಿಳಾಸವೇ ಕಂಟ್ರೋಲರ್. ಅದರ `power/runtime_status` ಏನು ಹೇಳುತ್ತದೆ ನೋಡಿ.

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 8:55

ಹೌದು ಸರ್, ಕಾರ್ಡ್‌ನದು. ಹಳೇ ಬೋರ್ಡ್, ಹಿಂದೆ ಯುಎಸ್‌ಬಿ 3 ಕಿಂಡಿ ಕಡಿಮೆ ಇತ್ತು ಅಂತ ಎರಡು ವರ್ಷದ ಹಿಂದೆ ಒಂದು ಕಾರ್ಡ್ ಹಾಕಿಸಿದ್ದೆ. ಅದರಲ್ಲಿ ಮಾನಿಟರ್ ಕೇಬಲ್ ಬಿಟ್ಟು ಬೇರೇನೂ ಇಲ್ಲ.

```
/sys/devices/pci0000:00/0000:00:14.0/usb1
/sys/devices/pci0000:00/0000:00:14.0/usb2
/sys/devices/pci0000:00/0000:00:1c.4/0000:05:00.0/usb3
/sys/devices/pci0000:00/0000:00:1c.4/0000:05:00.0/usb4

$ cat /sys/bus/pci/devices/0000:05:00.0/power/runtime_status
suspended
```

---

ಹಳೇ ಸಿಸ್ಟಂ ಅಡ್ಮಿನ್ · ಶುಕ್ರವಾರ ರಾತ್ರಿ 9:02

ಈಗ ಇದನ್ನು ಒತ್ತಿ, ಮಾನಿಟರ್‌ಗೆ ಹಾಕಿದ ಕೀಬೋರ್ಡ್ ನೋಡುತ್ತಿರಿ:

```
sudo lsusb -v > /dev/null
```

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 9:06

ಬಂತು!!! ನಮ್ ಲಾಕ್ ದೀಪ ಹತ್ತಿತು, ಮೌಸ್ ಓಡುತ್ತಿದೆ. ಇದೇನು ಮಂತ್ರ?

---

ಹಳೇ ಸಿಸ್ಟಂ ಅಡ್ಮಿನ್ · ಶುಕ್ರವಾರ ರಾತ್ರಿ 9:40

ಮಂತ್ರ ಅಲ್ಲ. ಆ ಆಜ್ಞೆ ಎಲ್ಲ ಯುಎಸ್‌ಬಿ ವಸ್ತುಗಳ ವಿವರ ಓದಲು ಒಂದೊಂದನ್ನೂ ತೆರೆಯುತ್ತದೆ. ತೆರೆಯಬೇಕಾದರೆ ಮಲಗಿದ ಕಂಟ್ರೋಲರ್ ಏಳಲೇಬೇಕು. ಎದ್ದು ನೋಡಿದಾಗ, ಅರೆ, ಬಾಗಿಲಲ್ಲಿ ಹಬ್ ನಿಂತಿದೆ.

ನಡೆದಿದ್ದು ಇಷ್ಟು. ಕೀಬೋರ್ಡ್, ಮೌಸ್ ಇರುವವರೆಗೆ ಕಂಟ್ರೋಲರ್‌ಗೆ ಕೆಲಸ ಇದೆ, ಎಚ್ಚರ ಇರುತ್ತದೆ. ನೀವು ಲ್ಯಾಪ್‌ಟಾಪ್‌ಗೆ ಹೋದ ತಕ್ಷಣ ಇಡೀ ಹಬ್ ಡೆಸ್ಕ್‌ಟಾಪ್‌ನಿಂದ ಮಾಯ. ಆ ಕಾರ್ಡ್‌ನಲ್ಲಿ ಬೇರೇನೂ ಇಲ್ಲ. ಕರೆಂಟ್ ಉಳಿಸಲು ಮಲಗುತ್ತದೆ. ಮಲಗುವುದು ತಪ್ಪಲ್ಲ. ಹೊಸದೇನಾದರೂ ಚುಚ್ಚಿದರೆ ಕಾರ್ಡ್ ಒಂದು ಎಚ್ಚರಿಕೆ ಕಳಿಸಿ ಏಳಬೇಕು. ನಿಮ್ಮ ಕಾರ್ಡ್ ಮತ್ತು ಬೋರ್ಡ್ ನಡುವೆ ಆ ಎಚ್ಚರಿಕೆ ತಲುಪುತ್ತಿಲ್ಲ. ಮುಂಭಾಗದ ಕಿಂಡಿ 00:14.0 ಅನ್ನುವ ಬೇರೆ ಕಂಟ್ರೋಲರ್, ಅದಕ್ಕೆ ಈ ರೋಗ ಇಲ್ಲ.

ನನಗೆ ಕುತೂಹಲ ಇರುವುದು ಅದನ್ನು ಮಲಗಲು ಬಿಟ್ಟವರು ಯಾರು ಅಂತ. ಅದೇ ಜಾಗದಲ್ಲಿ `power/control` ನೋಡಿ. `on` ಇದ್ದರೆ ಮಲಗುವಂತಿಲ್ಲ, `auto` ಇದ್ದರೆ ಮಲಗಬಹುದು. ನಿಮ್ಮದು `auto` ಇರಲೇಬೇಕು. ಪವರ್ ಉಳಿಸುವ ಏನಾದರೂ ಹಾಕಿದ್ದೀರಾ?

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 10:10

`auto` ಇದೆ. ಮತ್ತೆ... ಅಪರಾಧಿ ನಾನೇ.

ಕಳೆದ ಬೇಸಿಗೆಯಲ್ಲಿ ಕರೆಂಟ್ ತುಂಬಾ ಹೋಗುತ್ತಿತ್ತು. ಯುಪಿಎಸ್ ಇನ್ನೊಂದು ಐದು ನಿಮಿಷ ಜಾಸ್ತಿ ಬರಲಿ ಅಂತ ಎಲ್ಲೋ ನೋಡಿದ ಒಂದು ಸಾಲನ್ನು ಬೂಟ್ ಸ್ಕ್ರಿಪ್ಟ್‌ಗೆ ಹಾಕಿದ್ದೆ. ಈ ಮಾನಿಟರ್ ಆಗ ಇರಲಿಲ್ಲ. ಕೀಬೋರ್ಡ್ ಯಾವಾಗಲೂ ಚುಚ್ಚಿಯೇ ಇರುತ್ತಿತ್ತು, ಹಾಗಾಗಿ ಗೊತ್ತೇ ಆಗಲಿಲ್ಲ.

```
for f in /sys/bus/pci/devices/*/power/control; do echo auto > "$f"; done
```

---

ಸೋಲ್ಡರ್ ಶೆಟ್ಟಿ · ಶನಿವಾರ ಬೆಳಿಗ್ಗೆ 6:55

ನಾನು ಸೋತೆ ಮಾರಾಯ್ರೆ. ಹತ್ತರಲ್ಲಿ ಏಳು ಅಂದಿದ್ದೆ, ಇದು ಉಳಿದ ಮೂರರದ್ದು. ಗಿರಾಕಿ ಅಂಗಡಿಗೆ ಬರೀ ಮಾನಿಟರ್ ಹೊತ್ತು ತಂದಿದ್ದರೆ ಇದು ಜನ್ಮದಲ್ಲಿ ಸಿಗುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಸರಿಯಾಗೇ ಓಡುತ್ತಿತ್ತು.

---

ಹಳೇ ಸಿಸ್ಟಂ ಅಡ್ಮಿನ್ · ಶನಿವಾರ ಬೆಳಿಗ್ಗೆ 10:15

ಶೆಟ್ಟರೇ, ನಿಮ್ಮ ಪ್ರಿಂಟರ್ ಕೇಬಲ್ ಪರೀಕ್ಷೆ ಇಲ್ಲದಿದ್ದರೆ ಕೇಬಲ್ ಮೇಲಿನ ಅನುಮಾನ ಇನ್ನೂ ಎರಡು ದಿನ ಎಳೆಯುತ್ತಿತ್ತು.

ವಾಕರ್, ಎಲ್ಲಕ್ಕಿಂತ ಸುಲಭದ್ದು ಮೊದಲು. ಚೌಕ ಕೇಬಲ್‌ನ ಇನ್ನೊಂದು ತುದಿಯನ್ನು ಕಾರ್ಡ್‌ನಿಂದ ಕಿತ್ತು ಮದರ್‌ಬೋರ್ಡ್‌ನ ಯಾವುದಾದರೂ ಕಿಂಡಿಗೆ ಹಾಕಿ. ಕಪ್ಪು ಬಣ್ಣದ ಯುಎಸ್‌ಬಿ 2 ಆದರೂ ನಡೆಯುತ್ತದೆ. ಕೀಬೋರ್ಡ್, ಮೌಸ್ ಹೇಗೂ ಹಬ್‌ನ ಯುಎಸ್‌ಬಿ 2 ಭಾಗದಲ್ಲೇ ಓಡುವುದು. ಅಷ್ಟಕ್ಕೇ ಮುಗಿಯಬೇಕು.

ಕಾರ್ಡ್‌ನಲ್ಲೇ ಇರಬೇಕು ಅಂದರೆ ಸ್ಕ್ರಿಪ್ಟ್ ತಿದ್ದಿ, ಯುಎಸ್‌ಬಿ 3 ಕಂಟ್ರೋಲರ್‌ಗಳನ್ನು ಮುಟ್ಟದ ಹಾಗೆ:

```
for d in /sys/bus/pci/devices/*; do
  [ "$(cat "$d/class")" = "0x0c0330" ] && continue
  echo auto > "$d/power/control"
done
```

ಈಗಿನ ಮಟ್ಟಿಗೆ, ರೀಸ್ಟಾರ್ಟ್ ಇಲ್ಲದೆ ನೋಡಬೇಕಾದರೆ:

```
echo on | sudo tee /sys/bus/pci/devices/0000:05:00.0/power/control
```

ಕೊನೆಯದು ಮುಂದಿನ ಬೂಟ್‌ವರೆಗೆ ಮಾತ್ರ. ಕಾರ್ಡ್ ಬೇರೆ ಸ್ಲಾಟ್‌ಗೆ ಹೋದರೆ 05 ಅನ್ನುವ ಸಂಖ್ಯೆ ಬದಲಾಗಬಹುದು, ಹಾಗಾಗಿ ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ.

ಗುಂಡ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಒಂದು ಕಾರ್ಡ್ ಎಚ್ಚರ ಇದ್ದರೆ ಯುಪಿಎಸ್‌ಗೆ ಗೊತ್ತೂ ಆಗುವುದಿಲ್ಲ.

---

ಗೇಮರ್ ಗುಂಡ · ಶನಿವಾರ ಬೆಳಿಗ್ಗೆ 10:40

ಕೇಳೋಕೇ ಹೊರಟಿದ್ದೆ. 🙏 ನಂದೊಂದು ಡೌಟ್. ನನ್ನ ಹಳೇ ಕೆವಿಎಂ ಡಬ್ಬದಲ್ಲಿ ಈ ಥರ ಕಿತ್ತ ಸದ್ದು, ಹಾಕಿದ ಸದ್ದು ಏನೂ ಬರಲ್ಲ. ತಕ್ಷಣ ಬದಲಾಗುತ್ತೆ. ಮಾನಿಟರ್‌ನಲ್ಲಿ ಯಾಕೆ ಎರಡು ಸೆಕೆಂಡ್?

---

ಹಳೇ ಸಿಸ್ಟಂ ಅಡ್ಮಿನ್ · ಶನಿವಾರ ಬೆಳಿಗ್ಗೆ 11:05

ನಿನ್ನ ಡಬ್ಬ ಎರಡೂ ಕಂಪ್ಯೂಟರ್‌ಗೆ "ಕೀಬೋರ್ಡ್ ಇಲ್ಲೇ ಇದೆ" ಅಂತ ಸುಳ್ಳು ಹೇಳುತ್ತಾ ಕೂತಿರುತ್ತದೆ. ಹಾಗಾಗಿ ಯಾರಿಗೂ ಕಿತ್ತ ಹಾಗೆ ಅನಿಸುವುದಿಲ್ಲ. ಸಾಮಾನ್ಯವಾಗಿ ಮಾನಿಟರ್ ಆ ನಾಟಕ ಆಡುವುದಿಲ್ಲ. ನಿಜವಾಗಿಯೂ ಕಿತ್ತು ಇನ್ನೊಂದು ಕಡೆ ಚುಚ್ಚುತ್ತದೆ, ಆ ಕಡೆಯವರು ಹೊಸದಾಗಿ ಗುರುತು ಹಿಡಿಯಬೇಕು. ಎರಡು ಮೂರು ಸೆಕೆಂಡ್ ಸಹಜ. ಡಬ್ಬದ ಸುಳ್ಳಿಗೂ ಬೆಲೆ ಇದೆ, ಕೆಲವು ಗೇಮಿಂಗ್ ಕೀಬೋರ್ಡ್‌ಗಳ ವಿಶೇಷ ಕೀಗಳು ಅದರಲ್ಲಿ ಓಡುವುದಿಲ್ಲ.

---

ಕುಕ್ಕರಹಳ್ಳಿ ವಾಕರ್ · ಭಾನುವಾರ ಮಧ್ಯಾಹ್ನ 1:20

ಕೇಬಲ್ಲನ್ನು ಮದರ್‌ಬೋರ್ಡ್‌ನ ಕಪ್ಪು ಕಿಂಡಿಗೆ ಹಾಕಿದೆ. ಸ್ಕ್ರಿಪ್ಟ್ ಕೂಡ ತಿದ್ದಿದೆ. ಇವತ್ತು ಬೆಳಿಗ್ಗೆಯಿಂದ ಕೂತು ಇಪ್ಪತ್ತು ಸಲ ಹೋಗಿ ಬಂದೆ, ಮನೆಯವರು ಟಿವಿ ರಿಮೋಟ್ ಸಿಕ್ಕ ಮಗು ಥರ ಆಡ್ತಿದ್ದೀರಿ ಅಂದರು. ಇಪ್ಪತ್ತು ಸಲವೂ ಬಂತು. ಆಮೇಲೆ ಕುತೂಹಲಕ್ಕೆ ಮತ್ತೆ ಕಾರ್ಡ್‌ಗೆ ಹಾಕಿ ನೋಡಿದೆ, ತಿದ್ದಿದ ಸ್ಕ್ರಿಪ್ಟ್‌ನಲ್ಲಿ ಅಲ್ಲೂ ಸರಿ. ಡೆಸ್ಕ್‌ಟಾಪ್ ಕಡೆ ಮುಗಿಯಿತು.

ಲ್ಯಾಪ್‌ಟಾಪ್ ಕಡೆ ಒಂದು ಉಳಿದಿದೆ. ರಾತ್ರಿ ಅದು ಮಲಗಿದ ಮೇಲೆ, ಬೆಳಿಗ್ಗೆ ಟೈಪ್-ಸಿಗೆ ಬದಲಿಸಿ ಕೀ ಒತ್ತಿದರೆ ಏಳುವುದಿಲ್ಲ. ಮುಚ್ಚಳ ತೆರೆದು ಪವರ್ ಬಟನ್ ಒತ್ತಬೇಕು. ಎದ್ದ ಮೇಲೆ ಸರಿ.

---

ಹಾಸನದ ಸಪೋರ್ಟ್ ಹುಡುಗ · ಭಾನುವಾರ ಸಂಜೆ 4:00

ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, `Power Management` ಟ್ಯಾಬ್, `Allow the computer to turn off this device to save power` ಟಿಕ್ ತೆಗೆಯಿರಿ. ನಮ್ಮ ಆಫೀಸಿನಲ್ಲಿ ನಾವು ಮೊದಲು ಮಾಡೋದೇ ಇದು.

---

ಕುಕ್ಕರಹಳ್ಳಿ ವಾಕರ್ · ಭಾನುವಾರ ಸಂಜೆ 4:25

ಆ ಟ್ಯಾಬೇ ಕಾಣುತ್ತಿಲ್ಲ. ಡಿವೈಸ್ ಮ್ಯಾನೇಜರ್ ತೆರೆದಾಗಲೇ ನೀವು ಅಡ್ಮಿನ್ ಅಲ್ಲ, ನೋಡಬಹುದು ಅಷ್ಟೇ, ಬದಲಿಸುವಂತಿಲ್ಲ ಅನ್ನುತ್ತದೆ.

---

ಹಳೇ ಸಿಸ್ಟಂ ಅಡ್ಮಿನ್ · ಭಾನುವಾರ ಸಂಜೆ 5:10

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿದ್ದೆಯ ರೀತಿಯೇ ಬೇರೆ, ಕೆಲವದರಲ್ಲಿ ಆ ಟ್ಯಾಬ್ ಇರುವುದಿಲ್ಲ. ಅದಕ್ಕೂ ಮೊದಲು ಮಾನಿಟರ್ ನೋಡಿ. ಎರಡೂ ಕಂಪ್ಯೂಟರ್ ಚಿತ್ರ ನಿಲ್ಲಿಸಿದಾಗ ಮಾನಿಟರ್ ಮಲಗುತ್ತದೆ, ಮಲಗಿದಾಗ ಹಬ್ಬನ್ನೂ ಆರಿಸಬಹುದು. ಹಬ್ ಆರಿದ್ದರೆ ಕೀ ಒತ್ತಿದ್ದು ಯಾರಿಗೂ ತಲುಪುವುದಿಲ್ಲ. ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಸಮಯದಲ್ಲಿ ಯುಎಸ್‌ಬಿ ಅಥವಾ ಚಾರ್ಜಿಂಗ್ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ.

ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಓಡಿಸಲು ಬಿಟ್ಟರೆ, ಏಳಿಸುವ ಹಕ್ಕು ಯಾರಿಗಿದೆ ಅಂತ ಪಟ್ಟಿ ಕೊಡುತ್ತದೆ:

```
powercfg /devicequery wake_armed
```

ಓಡಿಸುವಾಗ ಕೀಬೋರ್ಡ್ ಲ್ಯಾಪ್‌ಟಾಪ್ ಕಡೆಯೇ ಇರಲಿ. ಡೆಸ್ಕ್‌ಟಾಪ್ ಕಡೆ ಇದ್ದಾಗ ಓಡಿಸಿದರೆ ಪಟ್ಟಿಯಲ್ಲಿ ಕಾಣುವುದಿಲ್ಲ, ಸುಮ್ನೆ ಗಾಬರಿ.

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 9:30

ವಾರದ ವರದಿ. ಮಾನಿಟರ್‌ನಲ್ಲಿ ಸ್ಟ್ಯಾಂಡ್‌ಬೈ ಯುಎಸ್‌ಬಿ ಆಫ್ ಇತ್ತು, ಆನ್ ಮಾಡಿದೆ. ಪಟ್ಟಿಯಲ್ಲಿ ಕೀಬೋರ್ಡ್ ಹೆಸರು ಇದೆ. ಐದು ಬೆಳಿಗ್ಗೆಯಲ್ಲಿ ಮೂರು ದಿನ ಕೀ ಒತ್ತಿದರೆ ಎದ್ದಿತು. ಮಂಗಳವಾರ ಮತ್ತು ಇವತ್ತು ಏಳಲಿಲ್ಲ. ಆ ಎರಡು ದಿನಕ್ಕೂ ಉಳಿದ ದಿನಕ್ಕೂ ಏನು ವ್ಯತ್ಯಾಸ ಅಂತ ಹೊಳೆಯುತ್ತಿಲ್ಲ. ಆಫೀಸಿನ ಐಟಿಯವರಿಗೆ ಟಿಕೆಟ್ ಹಾಕಿದ್ದೇನೆ. "ಮಾನಿಟರ್ ನಮ್ಮದಲ್ಲ" ಅಂತ ಉತ್ತರ ಬಂದಿದೆ.

---

ಸೋಲ್ಡರ್ ಶೆಟ್ಟಿ · ಶುಕ್ರವಾರ ರಾತ್ರಿ 9:48

ಹಿಂದಿನ ರಾತ್ರಿ ಡೆಸ್ಕ್‌ಟಾಪ್ ಇನ್‌ಪುಟ್‌ನಲ್ಲಿ ಬಿಟ್ಟು ಮಲಗಿದಿರೋ, ಲ್ಯಾಪ್‌ಟಾಪ್‌ನಲ್ಲಿ ಬಿಟ್ಟು ಮಲಗಿದಿರೋ? ಅದನ್ನು ಒಂದು ವಾರ ಬರೆದಿಡಿ.

---

ಕುಕ್ಕರಹಳ್ಳಿ ವಾಕರ್ · ಶುಕ್ರವಾರ ರಾತ್ರಿ 9:55

ಸೋಮವಾರ ರಾತ್ರಿ ಡೆಸ್ಕ್‌ಟಾಪ್‌ನಲ್ಲೇ ಬಿಟ್ಟಿದ್ದೆ, ಅದು ನೆನಪಿದೆ, ಸಿನಿಮಾ ನೋಡುತ್ತಾ ನಿದ್ದೆ ಬಂದಿತ್ತು. ನಿನ್ನೆಯದು ನೆನಪಿಲ್ಲ. ಇವತ್ತಿನಿಂದ ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತೇನೆ ಶೆಟ್ಟರೇ.